ಕಾಯಿಸಿದ್ದಕ್ಕೆ ಕ್ಷಮೆ ಕೇಳಿ ಬರೆದ ಪತ್ರ: ನನ್ನ ಅನುಭವ

ಜಿಲ್ಲಾ ಕೇಂದ್ರವೊಂದರ ಟ್ರಸ್ಟ್ ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗದ ದೂರುಗಳಿಗೆ ಲಿಖಿತ ಉತ್ತರ ಕೊಡುವ ಕೆಲಸವನ್ನು ನಾನು ಏಳೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. ಮೊದಲ ಐದು ವರ್ಷ ನಾನು ಕಳುಹಿಸಿದ್ದು ಒಂದೇ ಪತ್ರ. ಹೆಸರು ಮತ್ತು ದಿನಾಂಕ ಮಾತ್ರ ಬದಲಾಗುತ್ತಿದ್ದವು. "ಅನಿವಾರ್ಯ ಕಾರಣಗಳಿಂದ ವಿಳಂಬವಾಗಿರುತ್ತದೆ, ತಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ಮೂರು ವಾಕ್ಯಗಳ ಆ ಪತ್ರ ಪಡೆದವರಲ್ಲಿ ಮೂವರಿಗೆ ಒಬ್ಬರಂತೆ ಮತ್ತೊಂದು ದೂರು ಬರೆಯುತ್ತಿದ್ದರು, ಅದು ಮೊದಲಿನದಕ್ಕಿಂತ ಖಾರವಾಗಿರುತ್ತಿತ್ತು. ಪತ್ರದ ಜೊತೆ ಸಮಾಲೋಚನಾ ಶುಲ್ಕವಾದ 500 ರೂಪಾಯಿಯನ್ನು ಹಿಂದಿರುಗಿಸುವ ಪದ್ಧತಿಯನ್ನೂ ಒಂದು ವರ್ಷ ನಡೆಸಿದೆವು. ಸುಮಾರು 30 ಸಾವಿರ ರೂಪಾಯಿ ಹೋಯಿತೇ ಹೊರತು ದೂರು ನಿಲ್ಲಲಿಲ್ಲ. ಒಬ್ಬ ನಿವೃತ್ತ ಶಿಕ್ಷಕಿ ಚೆಕ್ಕನ್ನು ಹಿಂದಕ್ಕೆ ಕಳುಹಿಸಿ, "ನಾನು ಕೇಳಿದ್ದು ಕಾರಣ, ಹಣವಲ್ಲ" ಎಂದು ಬರೆದರು. ಆ ಚೀಟಿಯನ್ನು ಇಂದಿಗೂ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

ರೀತಿಯನ್ನು ಬದಲಿಸುವಂತೆ ಮಾಡಿದ್ದು ಎರಡು ಪುಟಗಳ ಒಂದು ಕೈಬರಹದ ಪತ್ರ. 68 ವರ್ಷದ ಮಧುಮೇಹಿ ತಂದೆಯನ್ನು ಕರೆತಂದಿದ್ದ ಮಗ ಬರೆದದ್ದು. ಅವರು ಹಿಂದಿನ ದಿನವೇ ದೂರವಾಣಿಯಲ್ಲಿ ಟೋಕನ್ 23 ಪಡೆದಿದ್ದರು, ಬೆಳಿಗ್ಗೆ 7.50ಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟಿದ್ದರು. ಫಿಜಿಷಿಯನ್ ಅವರನ್ನು ಕಂಡದ್ದು ಮಧ್ಯಾಹ್ನ 1.10ಕ್ಕೆ. ಅವಧಿಗಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ಸಾಲು: "ಎದ್ದು ಹೋದರೆ ಟೋಕನ್ ಕರೆದುಬಿಡುತ್ತಾರೆಂದು ಅಪ್ಪ ಕ್ಯಾಂಟೀನಿಗೂ ಹೋಗಲಿಲ್ಲ, ಮೂತ್ರಕ್ಕೂ ಏಳಲಿಲ್ಲ, ಹನ್ನೊಂದು ಗಂಟೆಗೆ ಚೀಲದಲ್ಲಿದ್ದ ಎರಡು ಬಿಸ್ಕತ್ತು ತಿಂದರು." ಸರಿಯಾಗಿ ತಿಂಡಿ ತಿನ್ನದ ಕಾರಣ ಊಟದ ನಂತರದ ಸಕ್ಕರೆ ಪರೀಕ್ಷೆಯೂ ಅಂದು ಆಗಿರಲಿಲ್ಲ.

ಉತ್ತರ ಬರೆಯುವ ಮೊದಲು ಆ ದಿನದ ಗಡಿಯಾರವನ್ನು ಮತ್ತೆ ಜೋಡಿಸಬೇಕು. ಬಿಲ್ಲಿನ ಮೇಲಿನ ವೇಳೆ, ಬಿ.ಪಿ. ಬರೆದುಕೊಂಡ ಸಿಸ್ಟರ್ ಅವರ ವಹಿ, ಟೋಕನ್ ಯಂತ್ರದ ದಾಖಲೆ, ಐ.ಸಿ.ಯು. ಕರೆಯ ನಮೂದು ಇವುಗಳನ್ನು ಎದುರುಬದುರಾಗಿ ಇಟ್ಟೆ. ವೈದ್ಯರ ಸಮಯ 9.30. ಅಲ್ಲಿಂದ 1.10ರವರೆಗೆ 220 ನಿಮಿಷ. ವಾರ್ಡಿನ ರೌಂಡ್ಸ್ ಮುಗಿಸಿ ವೈದ್ಯರು ಕೊಠಡಿಗೆ ಬರುವಾಗ 25 ನಿಮಿಷ ತಡವಾಗಿತ್ತು, ನಡುವೆ ಐ.ಸಿ.ಯು.ಗೆ ಹೋಗಿ ಬರಲು ಸುಮಾರು 50 ನಿಮಿಷ ಹಿಡಿದಿತ್ತು. ವರದಿ ತೋರಿಸಲು ಬಂದ ಹತ್ತು ಹನ್ನೊಂದು ಜನ ಟೋಕನ್ ಇಲ್ಲದೆ ಒಳಹೋದದ್ದಕ್ಕೆ ಮುಕ್ಕಾಲು ಗಂಟೆ. ಇವೆಲ್ಲ ಸೇರಿದರೂ 120 ನಿಮಿಷವೇ ಆಯಿತು. ಉಳಿದ 100 ನಿಮಿಷ ಎಲ್ಲಿ ಹೋಯಿತೆಂದು ಎರಡು ಸಂಜೆ ಹುಡುಕಿದ ಮೇಲೆ ಕಂಡದ್ದು ಇಷ್ಟು: ಅವರಿಗಿಂತ ಮುಂದಿದ್ದ 22 ಜನರಿಗೆ ತಲಾ ನಾಲ್ಕೂವರೆ ನಿಮಿಷ. ಒಂದನೇ ಟೋಕನ್ನಿಗೂ ಇಪ್ಪತ್ಮೂರನೇ ಟೋಕನ್ನಿಗೂ ನಮ್ಮ ಕೌಂಟರ್ ಹೇಳಿದ್ದು "ಒಂಬತ್ತೂವರೆಗೆ ಬನ್ನಿ" ಎಂದೇ. ಎಂದರೆ, ಯಾವ ತುರ್ತೂ ಇಲ್ಲದಿದ್ದರೂ ಅವರು 100 ನಿಮಿಷ ಕಾಯಲೇಬೇಕಿತ್ತು, ಅದು ಹಿಂದಿನ ಸಂಜೆಯೇ ನಮಗೆ ತಿಳಿದಿರಬೇಕಿತ್ತು.

ಇದನ್ನೆಲ್ಲ ಬರೆದುಕೊಡುತ್ತೇನೆಂದಾಗ ಆಡಳಿತಾಧಿಕಾರಿಗಳು ಒಪ್ಪಲಿಲ್ಲ. ಕ್ಷಮೆ ಕೇಳಿದರೆ ತಪ್ಪೊಪ್ಪಿಗೆಯಾಗುತ್ತದೆ, ನಾಳೆ ಗ್ರಾಹಕರ ಆಯೋಗದಲ್ಲಿ ಅದೇ ಪತ್ರ ನಮ್ಮೆದುರು ನಿಲ್ಲುತ್ತದೆ ಎಂಬುದು ಕಾನೂನು ಸಲಹೆಗಾರರ ಆತಂಕ. ನಾನು ಹೇಳಿದ್ದು: ಚಿಕಿತ್ಸೆಯ ಬಗ್ಗೆ ಈ ಪತ್ರದಲ್ಲಿ ಒಂದು ಮಾತೂ ಇರುವುದಿಲ್ಲ, ಕಾಯಿಸಿದ್ದು ನಮ್ಮದೇ ಬಿಲ್ಲಿನಲ್ಲಿ, ನಮ್ಮದೇ ವಹಿಯಲ್ಲಿ ಇರುವ ಸಂಗತಿ, ಅದನ್ನು ಅಲ್ಲಗಳೆಯಲಾಗದು. ಚಿಕಿತ್ಸೆಯ ದೂರೂ ಬೆರೆತಿದ್ದರೆ ಆ ಭಾಗವನ್ನು ಬೇರ್ಪಡಿಸಿ ವೈದ್ಯಕೀಯ ಅಧೀಕ್ಷಕರಿಗೆ ಒಪ್ಪಿಸುವುದನ್ನು ನಾನು ಇಂದಿಗೂ ತಪ್ಪಿಸುವುದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಂತೆ 15 ದಿನಗಳೊಳಗೆ ಲಿಖಿತ ಉತ್ತರ ಹೋಗಬೇಕಾಗಿದ್ದು, ಆಗಲೇ ಒಂಬತ್ತು ದಿನ ಕಳೆದಿದ್ದುದರಿಂದ ಕೊನೆಗೆ ಒಪ್ಪಿಗೆ ಸಿಕ್ಕಿತು.

ಕರಡನ್ನು ನಾಲ್ಕು ಬಾರಿ ಹರಿದೆ. ಮೊದಲನೆಯದರಲ್ಲಿ "ಕ್ಷಮೆ ಕೋರುತ್ತೇವೆ, ಆದರೆ ಅಂದು ತುರ್ತು ಪ್ರಕರಣವಿತ್ತು" ಎಂದಿತ್ತು. ಮನೆಯಲ್ಲಿ ಗಟ್ಟಿಯಾಗಿ ಓದಿದಾಗ, ಆ "ಆದರೆ" ಎಂಬಲ್ಲಿ ಕ್ಷಮೆ ಅಳಿಸಿಹೋಗುವುದು ಕೇಳಿಸಿತು. ಎರಡನೆಯದರಲ್ಲಿ ಐ.ಸಿ.ಯು. ರೋಗಿಯ ಕಾಯಿಲೆಯನ್ನು ಹೇಳಿಬಿಟ್ಟಿದ್ದೆ. ಮತ್ತೊಬ್ಬರ ವಿಷಯವನ್ನು ಇವರಿಗೆ ತಿಳಿಸುವ ಅಧಿಕಾರ ನಮಗಿಲ್ಲ. ಮೂರನೆಯದರ ತುಂಬ "ಆಗಿರುತ್ತದೆ", "ಕಂಡುಬಂದಿರುತ್ತದೆ" ಎಂಬ ಕಚೇರಿಯ ಕ್ರಿಯಾಪದಗಳಿದ್ದವು. ಹಾಗೆ ಬರೆದರೆ ತಡ ತಾನಾಗಿ ಆಯಿತು, ಯಾರೂ ಮಾಡಲಿಲ್ಲ ಎಂದಾಗುತ್ತದೆ. ನಾಲ್ಕನೆಯದು ತಂದೆಯವರ ರಕ್ತದ ವರದಿಯನ್ನೂ ಪ್ರಸ್ತಾಪಿಸಿತ್ತು, ಅವರ ಒಪ್ಪಿಗೆಯಿಲ್ಲದೆ ಅದನ್ನು ಮಗನಿಗೂ ಬರೆಯಬಾರದು. ಕೊನೆಗೆ ಕಳುಹಿಸಿದ ಪತ್ರದ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ತಮ್ಮ ತಂದೆಯವರನ್ನು ನಾವು 220 ನಿಮಿಷ ಕಾಯಿಸಿದೆವು. ಟೋಕನ್ ತಪ್ಪಬಹುದೆಂಬ ಭಯದಿಂದ ಅವರು ತಿಂಡಿಗೂ ಶೌಚಕ್ಕೂ ಏಳದೆ ಕುಳಿತಿರಬೇಕಾಯಿತು. ಇದಕ್ಕಾಗಿ ಅವರಲ್ಲಿಯೂ ತಮ್ಮಲ್ಲಿಯೂ ಕ್ಷಮೆ ಕೇಳುತ್ತೇವೆ. ಅಂದು ವೈದ್ಯರು ತುರ್ತು ಕರೆಯ ಮೇಲೆ ಸುಮಾರು 50 ನಿಮಿಷ ಹೊರಗಿದ್ದರು. ಅದನ್ನು ಕಾಯುತ್ತಿದ್ದವರಿಗೆ ನಾವು ತಿಳಿಸಲಿಲ್ಲ. ಸುಮಾರು 100 ನಿಮಿಷದ ಕಾಯುವಿಕೆಗೆ ತುರ್ತು ಕಾರಣವಲ್ಲ. ಎಲ್ಲ ಟೋಕನ್‌ಗಳಿಗೂ ಒಂದೇ ವೇಳೆ ಕೊಟ್ಟ ನಮ್ಮ ಕ್ರಮವೇ ಕಾರಣ. ಈ ಸೋಮವಾರದಿಂದ ಹತ್ತು ಹತ್ತು ಟೋಕನ್‌ಗಳಿಗೆ ಬೇರೆ ಬೇರೆ ವೇಳೆ ಕೊಡುತ್ತಿದ್ದೇವೆ. ಎದ್ದು ಹೋಗಬೇಕಾದವರು ಟೋಕನ್ನನ್ನು ಸಿಸ್ಟರ್ ಮೇಜಿನಲ್ಲಿ ಕೊಟ್ಟು ಹೋದರೆ, ಮರಳಿದ ಕೂಡಲೇ ಮುಂದಿನ ಸರದಿ ಅವರದು. ಅಂದು ತಪ್ಪಿದ ಪರೀಕ್ಷೆಗಳಿಗೆ ಶುಲ್ಕ ಪಡೆಯುವುದಿಲ್ಲ."

"ಕ್ರಮ ಕೈಗೊಳ್ಳಲಾಗುವುದು" ಎಂದು ಬರೆಯದೆ "ಕೊಡುತ್ತಿದ್ದೇವೆ" ಎಂದು ಬರೆಯಬೇಕೆಂಬ ಹಟಕ್ಕಾಗಿ, ಹೊಸ ಕ್ರಮ ಶುರುವಾಗುವವರೆಗೆ ಪತ್ರವನ್ನು ಮೂರು ದಿನ ತಡೆಹಿಡಿದಿದ್ದೆ. ಪರೀಕ್ಷೆಯ ವೆಚ್ಚ ನಮಗೆ ಇನ್ನೂರು ರೂಪಾಯಿಗಿಂತ ಕಡಿಮೆ. ಹಿಂದಿನ 500 ರೂಪಾಯಿ ಮಾಡದ ಕೆಲಸವನ್ನು ಅದು ಮಾಡಿತು, ಏಕೆಂದರೆ ಅದು ಅವರಿಗಾದ ನಷ್ಟಕ್ಕೇ ನೇರವಾಗಿ ಸಂದಿತು. ಪತ್ರ ಅಂಚೆಗೆ ಹೋಗುವ ಮುನ್ನ ನಾನು ದೂರುದಾರರಿಗೆ ಕರೆ ಮಾಡುತ್ತೇನೆ, ಆಗ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆ ಸದ್ಯಕ್ಕೆ ನನ್ನಲ್ಲೇ ಇರಲಿ.

ಇದರ ನಡುವೆ, ವೈದ್ಯರು ತಡವಾದರೆ ಎಸ್.ಎಂ.ಎಸ್. ಕಳುಹಿಸುವ ಪ್ರಯೋಗವನ್ನೂ ಮಾಡಿದೆವು. ಸಂದೇಶದ ಮಾದರಿಗೆ ಅನುಮತಿ ಪಡೆಯಲು ಎರಡು ವಾರ ಹಿಡಿಯಿತು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಸಿಕ್ಕರೆ ಕನ್ನಡದಲ್ಲಿ 70 ಮಾತ್ರ, ಹಾಗಾಗಿ ಖರ್ಚು ಇಮ್ಮಡಿಗಿಂತ ಹೆಚ್ಚಾಯಿತು. ಮೊಬೈಲ್ ಮಗನ ಬಳಿ, ಮಗ ಕೆಲಸದಲ್ಲಿ, ತಂದೆ ನಮ್ಮ ಬೆಂಚಿನ ಮೇಲೆ ಎಂಬ ಸ್ಥಿತಿಯಲ್ಲಿ ಅದು ತಲುಪಬೇಕಾದವರನ್ನು ತಲುಪಲೂ ಇಲ್ಲ. ಈಗ ಸಿಸ್ಟರ್ ಬಾಗಿಲ ಬಳಿಯ ಬಿಳಿ ಹಲಗೆಯ ಮೇಲೆ "ಡಾಕ್ಟರ್ ಐ.ಸಿ.ಯು.ನಲ್ಲಿದ್ದಾರೆ, 11.30ಕ್ಕೆ ಬರುತ್ತಾರೆ" ಎಂದು ಬರೆದು, ಒಮ್ಮೆ ಗಟ್ಟಿಯಾಗಿ ಓದಿ ಹೇಳುತ್ತಾರೆ.

ಅಲ್ಲಿಂದೀಚೆಗೆ ಇದೇ ರೀತಿಯಲ್ಲಿ ಸುಮಾರು 40 ಪತ್ರ ಬರೆದಿರಬಹುದು. ಮರುದೂರು ಬಂದದ್ದು ಎರಡಕ್ಕೆ. ಅವೆರಡರಲ್ಲೂ ಸಮಯದ ಲೆಕ್ಕವನ್ನು ನಾನೇ ತಪ್ಪಾಗಿ ಜೋಡಿಸಿದ್ದೆ, ಒಂದರಲ್ಲಿ ಟೋಕನ್ ಯಂತ್ರದ ಗಡಿಯಾರ 20 ನಿಮಿಷ ಹಿಂದಿತ್ತು. ಬೇಡವೆಂದಿದ್ದ ಸಲಹೆಗಾರರು ಈಗ ತಾವು ನೋಡಿಕೊಳ್ಳುವ ಇನ್ನೊಂದು ಆಸ್ಪತ್ರೆಗಾಗಿ ನನ್ನ ಕರಡನ್ನು ಕೇಳಿ ಪಡೆದಿದ್ದಾರೆ.

ಆ ಹಿರಿಯರು ಮೂರು ವಾರಗಳ ನಂತರ ಪರೀಕ್ಷೆಗೆ ಬಂದರು. ಪತ್ರವನ್ನು ನಾಲ್ಕಾಗಿ ಮಡಿಸಿ ಫೈಲಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಟ್ಟುಕೊಂಡಿದ್ದರು. ರಕ್ತ ಕೊಟ್ಟಾದ ಮೇಲೆ ಸಿಸ್ಟರ್ ಮೇಜಿನ ಬಳಿ ಹೋಗಿ, "ತಾಯಿ, ಇದು ನಿಮ್ಮ ಹತ್ತಿರ ಇರಲಿ, ನಾನು ಇಡ್ಲಿ ತಿಂದು ಬರುತ್ತೇನೆ" ಎಂದು ಟೋಕನ್ ಕೊಟ್ಟು, ಕ್ಯಾಂಟೀನಿನ ಕಡೆಗೆ ನಡೆದರು.