ಫೋಟೊದೊಳಗಿನ ಕರಿಹಲಗೆ ಒರೆಸುವುದು ಹೇಗೆ?

ಬೋರ್ಡಿನ ಫೋಟೊದಲ್ಲಿ ಸೀಮೆಸುಣ್ಣದ ಬರಹ ಅಳಿಸಬೇಕೆಂದರೆ ಹೆಚ್ಚಿನವರು ಬ್ರಷ್ ಹಿಡಿದು ಅದರ ಮೇಲೆ ಕಪ್ಪು ಬಣ್ಣ ಬಳಿಯುತ್ತಾರೆ. ಬೋರ್ಡಿನ ಮೇಲೆ ಬೆಳಕು ಎಲ್ಲ ಕಡೆ ಒಂದೇ ಸಮ ಬಿದ್ದಿರುವುದಿಲ್ಲ, ಹಾಗಾಗಿ ಬಳಿದ ಜಾಗ ತೇಪೆಯಂತೆ ಎದ್ದು ಕಾಣುತ್ತದೆ. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದ Median Blur ಫಿಲ್ಟರ್ ಈ ಕೆಲಸಕ್ಕೆ ವಾಸಿ. ಅದು ಪ್ರತಿ ಚುಕ್ಕೆಗೂ ಸುತ್ತಲಿನ ಚುಕ್ಕೆಗಳನ್ನು ನೋಡಿ ಬಣ್ಣ ಕೊಡುವುದರಿಂದ ತೆಳು ಗೆರೆ ಮಾಯವಾಗಿ, ಬೆಳಕಿನ ಏರಿಳಿತ ಹಾಗೇ ಉಳಿಯುತ್ತದೆ.

ಒರೆಸಿದ ಬೋರ್ಡಿನ ಮೇಲೆ ಮತ್ತೆ ಹಾಕಲು, ಅಳಿಸುವ ಮುನ್ನ ಬರಹವನ್ನೆಲ್ಲ ಟೈಪ್ ಮಾಡಿ, ಫೋಟೊದೊಂದಿಗೆ ತಾಳೆ ನೋಡಿ. ಓರೆಯಾಗಿ ತೆಗೆದ ಫೋಟೊ ಆದರೆ Perspective ಸಾಧನದಿಂದ ನೇರ ಮಾಡಿಕೊಳ್ಳಿ. ನಂತರ ಲೇಯರಿನ, ಅಂದರೆ ಫೋಟೊ ಇರುವ ಪದರದ, ನಕಲು ಮಾಡಿ. ಮುಂದಿನ ಕೆಲಸವೆಲ್ಲ ನಕಲಿನ ಮೇಲೆ.

ಈಗ ಗೆರೆಯ ದಪ್ಪ ಅಳೆಯಿರಿ. 4000 ಪಿಕ್ಸೆಲ್ ಅಗಲದ ಫೋಟೊದಲ್ಲಿ ಗೆರೆ 14 ಪಿಕ್ಸೆಲ್ ಇದೆ ಎನ್ನೋಣ. Radius 20 ಕೊಟ್ಟರೆ ಫಿಲ್ಟರ್ 41 ಪಿಕ್ಸೆಲ್ ಅಗಲದ ಜಾಗ ನೋಡುತ್ತದೆ. ಒಂಟಿ ಗೆರೆ ಅದರ ಅಗಲದಲ್ಲಿ ಮೂರನೇ ಒಂದು ಭಾಗವಷ್ಟೇ, ಸುಲಭವಾಗಿ ಹೋಗುತ್ತದೆ. ತೊಂದರೆ ಕೊಡುವುದು ಕನ್ನಡದ ದುಂಡು ಅಕ್ಷರಗಳೂ ಒತ್ತುಗಳೂ ಒತ್ತೊತ್ತಾಗಿ ಬಂದ ಕಡೆ. ಅಲ್ಲಿ ಬಿಳಿಯದೇ ಮೇಲುಗೈಯಾಗಿ ಮಸುಕು ಗಂಟುಗಳು ಉಳಿಯುತ್ತವೆ. Percentile ಅನ್ನು 50ರಿಂದ 30ಕ್ಕೆ ಇಳಿಸಿದರೆ ಫಿಲ್ಟರ್ ಕಪ್ಪಿನ ಕಡೆಗೆ ವಾಲುತ್ತದೆ, ಗಂಟುಗಳೂ ಕರಗುತ್ತವೆ. ತೀರಾ ಇಳಿಸಿದರೆ ಬೋರ್ಡೇ ಕಪ್ಪಗಾದೀತು.

ಫಿಲ್ಟರ್ ಹಾಕುವ ಮೊದಲು ಬೋರ್ಡಿನ ಭಾಗವನ್ನಷ್ಟೇ ಆಯ್ಕೆ ಮಾಡಿ, ಚೌಕಟ್ಟಿನಿಂದ 20 ಪಿಕ್ಸೆಲ್ ಒಳಗೇ ನಿಲ್ಲಿ. ಇಲ್ಲದಿದ್ದರೆ ಚೌಕಟ್ಟಿನ ಬಣ್ಣ ಒಳಕ್ಕೆ ಹರಡಬಹುದು. ಫಿಲ್ಟರ್ ಹಾಕಿದ ಮೇಲೆ ಆಯ್ಕೆಯನ್ನು ರದ್ದು ಮಾಡಿ, ಅಂಚಿನಲ್ಲಿ ಉಳಿದ ಗೆರೆಗಳನ್ನು Clone ಸಾಧನದಿಂದ ತೆಗೆಯಿರಿ. Heal ಸಾಧನ ಅಲ್ಲಿ ಬೇಡ, ಅದು ಚೌಕಟ್ಟಿನ ಬಣ್ಣವನ್ನು ಎಳೆದು ತರುತ್ತದೆ. ಡಸ್ಟರ್ ಆಡಿಸಿದ ಅಗಲವಾದ ಬಿಳಿ ಮಬ್ಬು ಮಾತ್ರ ಹೋಗುವುದಿಲ್ಲ. ಇರಲಿ ಬಿಡಿ, ಅದಿದ್ದರೇ ಬೋರ್ಡ್ ನಿಜವೆನಿಸುತ್ತದೆ.

ಚಿತ್ರಗಳನ್ನು ಮತ್ತೆ ಬರೆಯುವ ಶ್ರಮ ಬೇಡ. ನಕಲು ಲೇಯರಿಗೆ, ಬೇಕಾದ ಭಾಗವನ್ನಷ್ಟೇ ಮರೆಮಾಡಲು ನೆರವಾಗುವ ಬಿಳಿ ಮಾಸ್ಕ್ ಸೇರಿಸಿ, ಚಿತ್ರವಿರುವ ಜಾಗದಲ್ಲಿ ಕಪ್ಪು ಬಳಿದರೆ ಕೆಳಗಿನ ಸೀಮೆಸುಣ್ಣದ ಚಿತ್ರ ಹಾಗೇ ಕಾಣುತ್ತದೆ.

ಫಿಲ್ಟರ್ ಹಾಕಿದ ಜಾಗ ಪ್ಲಾಸ್ಟಿಕ್‌ನಂತೆ ನುಣ್ಣಗಾಗಿರುತ್ತದೆ. ಮಾಸ್ಕ್ ಬಿಟ್ಟು ಲೇಯರಿನ ಚಿತ್ರವನ್ನೇ ಆರಿಸಿಕೊಂಡು, ತುಸು ತರಿತರಿ ಮೂಡಿಸಲು HSV Noise ಫಿಲ್ಟರ್ ಹಾಕಿ: Hue, Saturation ಸೊನ್ನೆ, Value 0.02.

ಟೈಪ್ ಮಾಡಿಟ್ಟ ಬರಹವನ್ನು ಈಗ ಬೋರ್ಡಿನ ಮೇಲೆ ಹಾಕಲು ನೋಟೊ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ. ಹಳೆಯ ಯೂನಿಕೋಡೇತರ ಫಾಂಟಿನ ಬರಹವನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಮೊದಲು ಪರಿವರ್ತಿಸಿಕೊಳ್ಳಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದ್ದರೆ ಸಾಲುಗಳ ಅಂತರ ಹೆಚ್ಚಿಸಿ. ಅಚ್ಚ ಬಿಳಿ ಕಣ್ಣಿಗೆ ಚುಚ್ಚುತ್ತದೆ, `f2f0e6` ಬಣ್ಣ ಹಿತ.

ಮುಂದೆ ತಿದ್ದಲು ಒಂದು ಪ್ರತಿಯನ್ನು ಜಿಂಪ್‌ನ ಸ್ವಂತ ರೂಪವಾದ XCF ಆಗಿ ಉಳಿಸಿ, ಹಂಚಲು PNG ಮಾಡಿ. ಹೆಚ್ಚು ಕುಗ್ಗಿಸಿದ JPEGನಲ್ಲಿ ಅಕ್ಷರಗಳ ಸುತ್ತ ಕೊಳೆಯಂಥ ಚುಕ್ಕೆಗಳು ಮೂಡುತ್ತವೆ.