ಆರು ರೂಪಾಯಿ ಏರಿಸಿದ್ದಕ್ಕೆ ಎಷ್ಟು ಪುಸ್ತಕ ಹೋಯ್ತು?

ಸೋಮವಾರಪೇಟೆಯಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ. ಜೊತೆಗೆ ಒಂದು ಜೆರಾಕ್ಸ್ ಮೆಷಿನ್ ಇದೆ. 200 ಪೇಜಿನ ಲಾಂಗ್ ಬುಕ್ಕನ್ನು ಮೊದಲಿಂದ 60 ರೂಪಾಯಿಗೆ ಕೊಡುತ್ತಿದ್ದೆ. ಆಗ ಎಂಆರ್‌ಪಿ 70, ನನಗೆ ಬೀಳುತ್ತಿದ್ದದ್ದು 48. 2024ರ ನವೆಂಬರ್ 1ರಿಂದ 66 ಮಾಡಿದೆ. ಎಂಆರ್‌ಪಿ ಒಳಗೇ ಇದ್ದುದರಿಂದ ತೊಂದರೆ ಇರಲಿಲ್ಲ. ಆದರೆ ನಾಲ್ಕೇ ದಿನಕ್ಕೆ ಗಿರಾಕಿಯೊಬ್ಬರು ಪುಸ್ತಕ ತಿರುಗಿಸಿ ನೋಡಿ, "ಅಣ್ಣ, ನೂರು ಪೇಜಿಂದೇ ಕೊಡಿ" ಅಂದರು. ಅಲ್ಲಿಂದ ಹೊಟ್ಟೆಯಲ್ಲಿ ಸಣ್ಣ ಅಳುಕು.

ಡಿಸೆಂಬರ್ ಮುಗಿದ ಮೇಲೆ ಬಿಲ್ ಬುಕ್ ತೆಗೆದು ಕೂತೆ. ಪಿಯುಸಿಯಲ್ಲಿ ಓದಿದ ಬೇಡಿಕೆಯ ಸ್ಥಿತಿಸ್ಥಾಪಕತ್ವ ನೆನಪಿತ್ತು. ಹೆಸರು ದೊಡ್ಡದು, ಲೆಕ್ಕ ಚಿಕ್ಕದು. ಮಾರಾಟ ಶೇಕಡಾ ಎಷ್ಟು ಇಳಿಯಿತೋ ಅದನ್ನು ಬೆಲೆ ಶೇಕಡಾ ಎಷ್ಟು ಏರಿತೋ ಅದರಿಂದ ಭಾಗಿಸಬೇಕು, ಅಷ್ಟೆ. ಬೆಲೆ 60ರಿಂದ 66, ಅಂದರೆ ಶೇ. 10. ಕಷ್ಟ ಇರುವುದು ಮಾರಾಟದ ಕಡೆ.

ಮೊದಲು ಪೆದ್ದುತನ ಮಾಡಿದೆ. ಜೂನ್ ಮಾರಾಟದ ಪಕ್ಕ ನವೆಂಬರ್ ಇಟ್ಟು ನೋಡಿದೆ. ಶಾಲೆ ಶುರುವಾಗುವ ತಿಂಗಳನ್ನೂ ಕಾಫಿ ಕೊಯ್ಲಿನ ತಿಂಗಳನ್ನೂ ಹೋಲಿಸಿದರೆ ಏನು ಸಿಗುತ್ತದೆ? ಹಾಗಾಗಿ ಹಿಂದಿನ ವರ್ಷದ ಅದೇ ತಿಂಗಳು ಹಿಡಿದೆ. ಅದೂ ನವೆಂಬರ್, ಡಿಸೆಂಬರ್ ಎರಡನ್ನೂ ಸೇರಿಸಿ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಒಂದು ವರ್ಷ ನವೆಂಬರ್‌ನಲ್ಲಿ, ಇನ್ನೊಂದು ವರ್ಷ ಡಿಸೆಂಬರ್‌ನಲ್ಲಿ ಬರುತ್ತದೆ ಅಲ್ವಾ? ಒಂದೇ ತಿಂಗಳು ಹಿಡಿದರೆ ರಜೆಯ ದಿನಗಳೇ ಲೆಕ್ಕ ಕೆಡಿಸುತ್ತವೆ.

2023ರ ಆ ಎರಡು ತಿಂಗಳಲ್ಲಿ 280 ಪುಸ್ತಕ ಹೋಗಿತ್ತು. ಬಿಲ್ ಒಂದೊಂದೇ ತಿರುಗಿಸಿದಾಗ ಒಂದರಲ್ಲೇ 40 ಪುಸ್ತಕ ಕಂಡಿತು. ಒಬ್ಬ ಮೇಷ್ಟ್ರು ಇಡೀ ತರಗತಿಗೆ ಒಯ್ದದ್ದು. ಅದು ಪ್ರತಿ ವರ್ಷ ಬರುವ ವ್ಯಾಪಾರ ಅಲ್ಲ, ತೆಗೆದೆ. ಉಳಿದದ್ದು 240. 2024ರ ಅದೇ ಎರಡು ತಿಂಗಳಲ್ಲಿ 210. ಅಂದರೆ ಶೇ. 12.5 ಇಳಿಕೆ. ಹತ್ತರಿಂದ ಭಾಗಿಸಿದರೆ 1.25.

ಇಲ್ಲೇ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು. 2024ರಲ್ಲಿ ಕಾಫಿಗೆ ಒಳ್ಳೆ ರೇಟ್ ಇತ್ತು, ಪೇಟೆಯಲ್ಲಿ ಜನ ಜಾಸ್ತಿ ಓಡಾಡುತ್ತಿದ್ದರು. ಬೆಲೆ ಏರಿಸದೇ ಇದ್ದಿದ್ದರೆ 240ಕ್ಕಿಂತ ಹೆಚ್ಚೇ ಹೋಗುತ್ತಿತ್ತೇನೋ. ಅದನ್ನು ತಿಳಿಯಲು ಬೆಲೆ ಬದಲಾಗದ ಇನ್ನೊಂದು ವಸ್ತು ಬೇಕು. ಮೊದಲು ಹತ್ತು ರೂಪಾಯಿ ಪೆನ್ ನೋಡಿದೆ. ಆಮೇಲೆ ಬಿಟ್ಟೆ. ಪುಸ್ತಕ ತಗೊಳ್ಳೋರೇ ಪೆನ್ನನ್ನೂ ತಗೊಳ್ಳೋದು, ಪುಸ್ತಕ ಬಿಟ್ಟವರು ಪೆನ್ನೂ ಬಿಟ್ಟಿರುತ್ತಾರೆ. ನೂರು ಪೇಜಿನ ಪುಸ್ತಕವೂ ಆಗಲ್ಲ, ಗಿರಾಕಿ ಅದಕ್ಕೇ ಜಾರುತ್ತಿದ್ದರು. ಕೊನೆಗೆ ಹೊಂದಿದ್ದು ಜೆರಾಕ್ಸ್. ಎರಡೂ ವರ್ಷ ದರ 2 ರೂಪಾಯಿ. ತಿಂಗಳ ಕೊನೆಗೆ ಮೆಷಿನ್ನಿನ ಕೌಂಟರ್ ರೀಡಿಂಗ್ ಬರೆದಿಡುವ ಅಭ್ಯಾಸ ಇತ್ತು. 20,000 ಪ್ರತಿ ಇದ್ದದ್ದು 21,000 ಆಗಿತ್ತು, ಶೇ. 5 ಜಾಸ್ತಿ.

ಹಾಗಾದರೆ ಹಳೇ ಬೆಲೆಯಲ್ಲಿ 240ಕ್ಕೆ ಶೇ. 5 ಸೇರಿಸಿ 252 ಹೋಗಬೇಕಿತ್ತು. ಹೋದದ್ದು 210. ಕಳೆದುಕೊಂಡದ್ದು 30 ಅಲ್ಲ, 42. ಶೇಕಡಾ ಲೆಕ್ಕದಲ್ಲಿ 16.7, ಹತ್ತರಿಂದ ಭಾಗಿಸಿದರೆ ಸುಮಾರು 1.7. ಮೇಷ್ಟ್ರ 40 ಪುಸ್ತಕ ತೆಗೆಯದೆ ಬಿಟ್ಟಿದ್ದರೆ ಇದೇ ಲೆಕ್ಕ 2.9 ಹೇಳುತ್ತಿತ್ತು! ಒಂದು ಬಿಲ್ ಸಾಕು ದಾರಿ ತಪ್ಪಿಸಲು.

ಈ ಅಂಕಿ ಒಂದಕ್ಕಿಂತ ಜಾಸ್ತಿ ಬಂದರೆ ಬೆಲೆ ಏರಿಸಿದಾಗ ಗಲ್ಲಾಪೆಟ್ಟಿಗೆಗೆ ಬರುವ ಹಣ ಇಳಿಯುತ್ತದೆ. ನನಗೂ ಇಳಿದಿತ್ತು. 252 ಪುಸ್ತಕಕ್ಕೆ 15,120 ಬರಬೇಕಿದ್ದಲ್ಲಿ 13,860 ಬಂತು. ಇದನ್ನು ನೋಡಿ ನನ್ನ ಹೆಂಡತಿ "ಸುಮ್ನೆ ಏರಿಸಿದ್ರಿ" ಅಂದಳು. ಆದರೆ ಲಾಭ ಬೇರೆ ಮಾತು. ಮೊದಲು ಒಂದಕ್ಕೆ 12 ಉಳಿಯುತ್ತಿತ್ತು, ಈಗ 18. ಹಳೇ ಲೆಕ್ಕದಲ್ಲಿ 3,024 ಆಗುತ್ತಿತ್ತು, ಈಗ 3,780. ಆ 3,024 ಉಳಿಸಿಕೊಳ್ಳಲು 168 ಪುಸ್ತಕ ಮಾರಿದರೆ ಸಾಕಿತ್ತು. ನನ್ನ ಮಾರ್ಜಿನ್ ತೆಳ್ಳಗಿದ್ದುದರಿಂದ ಆರು ರೂಪಾಯಿ ಅಷ್ಟು ಕೆಲಸ ಮಾಡಿತು. ಮೊದಲೇ ಒಂದಕ್ಕೆ 30 ಉಳಿಯುತ್ತಿದ್ದರೆ ಇದೇ ಇಳಿಕೆಯಲ್ಲಿ ಲಾಭ ಏರದೆ ಇಳಿಯದೆ 7,560ರಲ್ಲೇ ನಿಲ್ಲುತ್ತಿತ್ತು.

ನೂರು ಪೇಜಿನ ಪುಸ್ತಕದ ಮಾರಾಟ 100 ಇದ್ದದ್ದು 130 ಆಗಿತ್ತು. ಅದಕ್ಕೂ ಶೇ. 5 ಸೇರಿಸಿದರೆ 105 ಹೋಗಬೇಕು, ಹೆಚ್ಚಾದದ್ದು 25. ಬಿಟ್ಟ ಗಿರಾಕಿಗಳಲ್ಲಿ ಕೆಲವರಾದರೂ ಅಂಗಡಿ ಬಿಟ್ಟಿಲ್ಲ, ಶೆಲ್ಫ್ ಬದಲಿಸಿದ್ದಾರೆ ಅಂತ ಅಲ್ಲಿ ಗೊತ್ತಾಯ್ತು.

ಈ 1.7 ಚಿಲ್ಲರೆ ಗಿರಾಕಿಗಳದ್ದು, 60ರಿಂದ 66ರ ನಡುವಿನದ್ದು. ಜೂನ್‌ನಲ್ಲಿ ತಂದೆ ತಾಯಿ ಡಜನ್‌ಗಟ್ಟಲೆ ತಗೊಳ್ಳುವಾಗ ಪಕ್ಕದ ಅಂಗಡಿಯಲ್ಲೂ ವಿಚಾರಿಸಿಯೇ ಬರುತ್ತಾರೆ. ಅವರಿಗೆ ಈ ಅಂಕಿ ಹೊಂದೀತೆಂಬ ಧೈರ್ಯ ನನಗಿರಲಿಲ್ಲ. ಬಿಡಿ ಪುಸ್ತಕಕ್ಕೆ 66 ಹಾಗೇ ಬಿಟ್ಟು, ಡಜನ್‌ಗೆ ಮಾತ್ರ 60ರ ಲೆಕ್ಕ ಇಟ್ಟೆ. ಡಜನ್ ಬಿಲ್ಲುಗಳಿಗೆ ಈಗ ಬೇರೆಯೇ ಬಿಲ್ ಬುಕ್.