ಎಲ್ಲವೂ ನಾರ್ಮಲ್ ಕಂಡ ಎಬಿಜಿ

ನಾನು ಹೌಸ್ ಸರ್ಜನ್ ಆಗಿದ್ದಾಗ ಶಿವಮೊಗ್ಗದಲ್ಲಿ ಒಂದು ಮಳೆಗಾಲದ ರಾತ್ರಿ, ಹೊಸನಗರ ಕಡೆಯಿಂದ ಸುಮಾರು ಐವತ್ತು ವರ್ಷದ ಒಬ್ಬ ತಾಯಿಯನ್ನು ಕರೆತಂದರು. ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಮೂರು ದಿನದಿಂದ ಬಿಡದೆ ವಾಂತಿ. ಅವರ ಯಜಮಾನರು, "ಊಟಾನೇ ಸೇರ್ತಿಲ್ಲ ಡಾಕ್ಟ್ರೇ, ಹೊಟ್ಟೆ ಖಾಲಿ ಇರುವಾಗ ಇಂಜೆಕ್ಷನ್ ಬೇಡ ಅಂತ ನಿಲ್ಲಿಸಿದ್ವಿ" ಎಂದರು. ಸಕ್ಕರೆ 460 ಇತ್ತು.

ಕೀಟೋಅಸಿಡೋಸಿಸ್ ಇರಬಹುದು ಅಂತ ಎಬಿಜಿ ತೆಗೆದೆ. ಪಿಹೆಚ್ 7.39, ಕಾರ್ಬನ್ ಡೈಆಕ್ಸೈಡ್ 38, ಬೈಕಾರ್ಬೊನೇಟ್ 22. ಮೂರೂ ನಾರ್ಮಲ್. ಅಸಿಡೋಸಿಸ್ ಇಲ್ಲ ಅಂದುಕೊಂಡು ಕೇಸ್ ಶೀಟಿನಲ್ಲಿ 'ಎಬಿಜಿ ನಾರ್ಮಲ್' ಅಂತ ಬರೆದೂಬಿಟ್ಟೆ. ನಮ್ಮ ಯೂನಿಟ್ ಸರ್ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಸೋಡಿಯಂ, ಕ್ಲೋರೈಡ್ ಎಷ್ಟಮ್ಮಾ?"

ನಾನು ಅದನ್ನು ನೋಡೇ ಇರಲಿಲ್ಲ. ಅವತ್ತು ಅವರ ಜೊತೆ ಕೂತು ಮಾಡಿದ ಲೆಕ್ಕವನ್ನೇ ಈಗ ನಿಮಗೆ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲಿ ಚೀಟಿ ಕೈಗೆ ಕೊಟ್ಟರೂ ಇದೇ ಕ್ರಮ.

ಮೊದಲು, ರಿಪೋರ್ಟ್ ನಂಬುವ ಹಾಗಿದೆಯಾ ಅಂತ ನೋಡಬೇಕು. ಮಷೀನು ಪಿಹೆಚ್ ಮತ್ತು ಕಾರ್ಬನ್ ಡೈಆಕ್ಸೈಡನ್ನು ಅಳೆಯುತ್ತದೆ, ಬೈಕಾರ್ಬೊನೇಟನ್ನು ಅವೆರಡರಿಂದ ಲೆಕ್ಕ ಹಾಕುತ್ತದೆ. ಹಾಗಾಗಿ ಮೂರೂ ಒಂದಕ್ಕೊಂದು ಹೊಂದಲೇಬೇಕು.

```
H+ = 24 × PaCO2 / HCO3
   = 24 × 38 / 22 = 41
```

80ರಿಂದ ಈ 41 ಕಳೆದರೆ 39. ಪಿಹೆಚ್‌ನ ಕೊನೆಯ ಎರಡು ಅಂಕಿ ಅದೇ, ಅಂದರೆ ಹೊಂದಿತು. ಈ 80ರ ಉಪಾಯ ಪಿಹೆಚ್ ಸುಮಾರು 7.2ರಿಂದ 7.5ರ ಒಳಗೆ ಇದ್ದಾಗ ಮಾತ್ರ ನಡೆಯುತ್ತದೆ. ಹೊಂದದಿದ್ದರೆ ಅಂಕಿ ಬರೆದುಕೊಳ್ಳುವಾಗ ತಪ್ಪಾಗಿರುತ್ತದೆ. ಆದರೆ ಸಿರಿಂಜಿನಲ್ಲಿ ಹೆಪಾರಿನ್ ಜಾಸ್ತಿ ಉಳಿದಿದ್ದರೆ ಈ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಕಾರ್ಬನ್ ಡೈಆಕ್ಸೈಡ್, ಬೈಕಾರ್ಬೊನೇಟ್ ಎರಡೂ ಸುಮ್ನೆ ಕಡಿಮೆ ತೋರಿಸುತ್ತವೆ, ಆದರೂ ಲೆಕ್ಕ ಸರಿಯಾಗೇ ಬರುತ್ತದೆ. ಅದಕ್ಕೆ ಸ್ಯಾಂಪಲ್ ತೆಗೆಯುವಾಗಲೇ ಎಚ್ಚರ ಬೇಕು.

ಆಮೇಲೆ ಪಿಹೆಚ್ ಯಾವ ಕಡೆ ವಾಲಿದೆ, ಅದಕ್ಕೆ ಕಾರಣ ಉಸಿರಾಟವೋ ಬೈಕಾರ್ಬೊನೇಟೋ ಅಂತ ನೋಡುತ್ತೇವೆ. ಬೈಕಾರ್ಬೊನೇಟ್ ತಗ್ಗಿ ಅಸಿಡೋಸಿಸ್ ಆಗಿದ್ದರೆ, ಅದನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿದಷ್ಟು, ಎರಡು ಆಚೀಚೆ, ಕಾರ್ಬನ್ ಡೈಆಕ್ಸೈಡ್ ಇರಬೇಕು. ಈ ತಾಯಿಯಲ್ಲಿ ಯಾವ ಕಡೆಗೂ ವಾಲಿರಲಿಲ್ಲ. ನಾನು ನಿಂತಿದ್ದು ಇಲ್ಲೇ. ಪಿಹೆಚ್ ಹೇಗೇ ಇರಲಿ, ಅನಯಾನ್ ಗ್ಯಾಪ್ ಮಾತ್ರ ಹಾಕಲೇಬೇಕು.

ಸೋಡಿಯಂ 138, ಕ್ಲೋರೈಡ್ 88 ಇತ್ತು.

```
Na − Cl − HCO3 = 138 − 88 − 22 = 28
```

ಇರಬೇಕಾದದ್ದು ಸುಮಾರು 12. ಹದಿನಾರು ಜಾಸ್ತಿ! ರಕ್ತದಲ್ಲಿ ಆಮ್ಲ ಸೇರಿಕೊಂಡಿದೆ ಅಂತಲೇ ಅರ್ಥ. ಇಲ್ಲಿ ಸಕ್ಕರೆಗೆ ತಿದ್ದಿದ ಸೋಡಿಯಂ ಹಾಕಬೇಡಿ, ಲ್ಯಾಬ್ ಕೊಟ್ಟದ್ದನ್ನೇ ಹಾಕಿ. ಆಲ್ಬುಮಿನ್ 4ಕ್ಕಿಂತ ಕಡಿಮೆ ಇದ್ದರೆ, ಪ್ರತಿ ಒಂದು ಗ್ರಾಂ ಕೊರತೆಗೆ ಗ್ಯಾಪ್‌ಗೆ ಎರಡೂವರೆ ಸೇರಿಸಿ. ಇಲ್ಲದಿದ್ದರೆ ಬಡಕಲು ರೋಗಿಗಳಲ್ಲಿ ಗ್ಯಾಪ್ ಬಚ್ಚಿಟ್ಟುಕೊಳ್ಳುತ್ತದೆ.

ಆಮ್ಲ ಅಷ್ಟು ಸೇರಿದ್ದರೆ ಬೈಕಾರ್ಬೊನೇಟ್ ಖರ್ಚಾಗಿ ಕೆಳಗಿಳಿಯಬೇಕಿತ್ತು, ಅಲ್ವಾ? ಆದರೂ 22 ಯಾಕೆ ಇದೆ? ಖರ್ಚಾದ 16ನ್ನು ಅದಕ್ಕೆ ವಾಪಸ್ ಸೇರಿಸಿ ನೋಡಿ: 38. ಅಂದರೆ ಆಮ್ಲ ಇಲ್ಲದಿದ್ದರೆ ಇವರ ಬೈಕಾರ್ಬೊನೇಟ್ 38ರ ಹತ್ತಿರ ಇರುತ್ತಿತ್ತು. ಮೂರು ದಿನದ ವಾಂತಿಯಲ್ಲಿ ಹೊಟ್ಟೆಯ ಆಮ್ಲ ಹೊರಹೋಗಿ ಆಲ್ಕಲೋಸಿಸ್ ಆಗಿತ್ತು. ಕ್ಲೋರೈಡ್ 88ಕ್ಕೆ ಇಳಿದದ್ದೂ ಅದಕ್ಕೇ. ಅಸಿಡೋಸಿಸ್ ಬೈಕಾರ್ಬೊನೇಟನ್ನು ಕೆಳಗೆ ಎಳೆದಿದೆ, ಆಲ್ಕಲೋಸಿಸ್ ಮೇಲೆ ಎತ್ತಿದೆ, ನಡುವೆ ಪಿಹೆಚ್ ನಾರ್ಮಲ್ ಆಗಿ ಕಂಡಿದೆ. ಈ ಕೊನೆಯ ಲೆಕ್ಕ ಅಂದಾಜು ಮಾತ್ರ. ಉತ್ತರ 27, 28 ಬಂದರೆ ನಾನು ಏನೂ ತೀರ್ಮಾನಿಸುವುದಿಲ್ಲ. 38 ಬಂದಾಗ, ಜೊತೆಗೆ ವಾಂತಿಯ ಕಥೆಯೂ ಇದ್ದಾಗ, ಅನುಮಾನ ಉಳಿಯುವುದಿಲ್ಲ. ಕೀಟೋನ್ ಪರೀಕ್ಷೆ ಮಾಡಿಸಿದೆವು, ಜೋರಾಗಿ ಪಾಸಿಟಿವ್ ಬಂತು.

ಪೊಟ್ಯಾಸಿಯಂ 3.0 ಇತ್ತು. ಇನ್ಸುಲಿನ್ ಕೊಟ್ಟರೆ ಅದು ಇನ್ನೂ ಕುಸಿದು ಹೃದಯದ ಬಡಿತವೇ ಕೆಡಬಹುದು. ಅದಕ್ಕೆ ಸಲೈನ್ ಜೊತೆ ಮೊದಲು ಪೊಟ್ಯಾಸಿಯಂ ಕೊಟ್ಟು, ಅದು ಮೇಲೆ ಬಂದ ನಂತರವೇ ಇನ್ಸುಲಿನ್ ಶುರು ಮಾಡಿದರು.

ಮರುದಿನ ಸಂಜೆ ಮತ್ತೆ ಎಬಿಜಿ ಮಾಡಿದೆವು. ಸೋಡಿಯಂ 139, ಕ್ಲೋರೈಡ್ 97, ಬೈಕಾರ್ಬೊನೇಟ್ 29, ಪಿಹೆಚ್ 7.44. ಗ್ಯಾಪ್ 13ಕ್ಕೆ ಇಳಿದಿತ್ತು. ಕೀಟೋನು ಕರಗಿದ ಮೇಲೆ, ಅದರ ಹಿಂದೆ ಅಡಗಿದ್ದ ಆಲ್ಕಲೋಸಿಸ್‌ನ ಉಳಿಕೆ ಈಗ ಬರಿಗಣ್ಣಿಗೇ ಕಾಣುತ್ತಿತ್ತು. ಕೇಸ್ ಶೀಟಿನ ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಸಹಿ ಹಾಕಿ, ಕೆಳಗೆ ಎರಡೂ ಕಾಯಿಲೆಗಳ ಹೆಸರು ಬರೆದೆ.